ಗೊತ್ತಿಲ್ಲದ ಭಾಷೆಗೆ ಹೋದ ಟಿವಿಯಲ್ಲಿ ಭಾಷೆಯ ಪಟ್ಟಿಯನ್ನು ಹುಡುಕುವ ಬಗೆ

ಪ್ರಶ್ನೆ: ಹೊಸ ಗೂಗಲ್ ಟಿವಿಯನ್ನು ಮೊದಲ ಬಾರಿ ಹಾಕಿದಾಗ ಬಂದ ಪರದೆಗಳನ್ನು ಓದದೆ ಓಕೆ ಒತ್ತುತ್ತಾ ಮುಂದೆ ಹೋದೆ. ಈಗ ಎಲ್ಲವೂ ನನಗೆ ಬಾರದ ಲಿಪಿಯಲ್ಲಿದೆ. ಭಾಷೆ ಬದಲಿಸುವ ಜಾಗ ಎಲ್ಲಿದೆ ಎಂದು ತಿಳಿಯುವುದು ಹೇಗೆ?

ಅಕ್ಷರಗಳನ್ನು ಓದುವ ಪ್ರಯತ್ನವನ್ನು ಬಿಟ್ಟು, ಚಿತ್ರಗಳನ್ನೂ ಅವುಗಳ ಅಕ್ಕಪಕ್ಕದ ಸಾಲುಗಳನ್ನೂ ನೋಡುತ್ತಾ ಹೋಗಿ. ಭಾಷೆ ಬದಲಾದರೂ ಮೆನುವಿನ ಸಾಲುಗಳ ಕ್ರಮ ಬದಲಾಗುವುದಿಲ್ಲ. ಭಾಷೆಗಳ ಪಟ್ಟಿಯಲ್ಲಂತೂ ಪ್ರತಿಯೊಂದು ಭಾಷೆಯ ಹೆಸರು ಅದರದೇ ಲಿಪಿಯಲ್ಲಿರುತ್ತದೆ. ಆ ಪಟ್ಟಿಯವರೆಗೆ ತಲುಪಿದರೆ ಉಳಿದದ್ದು ಸುಲಭ.

ಮೊದಲು ರಿಮೋಟಿನ ಮನೆಯ ಗುರುತಿರುವ ಗುಂಡಿಯನ್ನು ಒತ್ತಿ, ಅತ್ಯಂತ ಮೇಲಿನ ಸಾಲಿಗೆ ಹೋಗಿ, ಆ ಸಾಲಿನ ತುದಿಯಲ್ಲಿರುವ ಹಲ್ಲುಚಕ್ರದ ಚಿತ್ರವನ್ನು ತೆರೆಯಿರಿ. ಕೆಲವು ಟಿವಿಗಳಲ್ಲಿ ಮೊದಲು ಚಿಕ್ಕದೊಂದು ಫಲಕ ಬರುತ್ತದೆ. ಅದರೊಳಗೂ ಹಲ್ಲುಚಕ್ರವನ್ನೇ ಆರಿಸಬೇಕು. ನಿಮ್ಮ ಟಿವಿ ಹೋಗಿರುವುದು ಅರಬ್ಬಿ, ಹೀಬ್ರೂ ಅಥವಾ ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುವ ಭಾಷೆಗಾಗಿದ್ದರೆ ಇಡೀ ಪರದೆ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ನನ್ನ ಗೆಳೆಯರೊಬ್ಬರ ಟಿವಿ ಅರಬ್ಬಿಗೆ ಹೋಗಿದ್ದಾಗ, ಅವರು ಬಲಭಾಗದಲ್ಲಿ ಹಲ್ಲುಚಕ್ರವನ್ನು ಬಹಳ ಹೊತ್ತು ಹುಡುಕಿದ್ದರು, ಅದು ಎಡತುದಿಯಲ್ಲಿತ್ತು. ಹೀಗಿರುವಾಗ ಎಡ ಮತ್ತು ಬಲ ಬಾಣಗಳನ್ನು ಅದಲುಬದಲು ಎಂದು ಭಾವಿಸಿ ಒತ್ತಿದರೆ ದಾರಿ ಸಿಗುತ್ತದೆ.

ಸೆಟ್ಟಿಂಗ್ಸ್ ತೆರೆದ ಮೇಲೆ ಕೆಳಗೆ ಇಳಿಯುತ್ತಾ ಹೋಗಿ. ವೈಫೈ ಗುರುತು, ಖಾತೆಗಳ ಸಾಲು, ಆ್ಯಪ್‌ಗಳ ಚೌಕಗಳು ದಾಟಿದ ಮೇಲೆ, ಹಲವು ಟಿವಿಗಳಲ್ಲಿ ಕೈಗಳನ್ನು ಚಾಚಿ ನಿಂತ ಮನುಷ್ಯನ ಚಿತ್ರವೊಂದು ಬರುತ್ತದೆ. ಸಾಮಾನ್ಯವಾಗಿ ಆ ಮನುಷ್ಯನ ಚಿತ್ರಕ್ಕೆ ಹತ್ತಿರದಲ್ಲಿ, ಆ್ಯಪ್‌ಗಳ ಸಾಲಿನ ಕೆಳಗಿರುವುದೇ ಸಿಸ್ಟಮ್ ಎಂಬ ಸಾಲು. ಅದನ್ನು ತೆರೆದು, ಗಡಿಯಾರದ ಗುರುತಿರುವ ದಿನಾಂಕ ಮತ್ತು ಸಮಯದ ಸಾಲನ್ನೂ ಕೀಬೋರ್ಡಿನ ಸಾಲನ್ನೂ ಹುಡುಕಿ. ಭಾಷೆಯ ಸಾಲು ಸಾಮಾನ್ಯವಾಗಿ ಇವೆರಡರ ನಡುವೆ ಇರುತ್ತದೆ. ಹಳೆಯ ಆಂಡ್ರಾಯ್ಡ್ ಟಿವಿಗಳಲ್ಲಿ ಸಿಸ್ಟಮ್ ಬದಲು ಸಾಧನದ ಆದ್ಯತೆಗಳು ಎಂಬ ಅರ್ಥದ ಸಾಲು ಇರುತ್ತದೆ, ಆದರೆ ಅದರ ಒಳಗಿನ ಗುರುತುಗಳು ಇವೇ.

ತಪ್ಪು ಜಾಗಕ್ಕೆ ಹೋದಿರೋ ಇಲ್ಲವೋ ಎಂಬುದನ್ನು ಒಳಗಿರುವುದನ್ನು ನೋಡಿಯೇ ತಿಳಿಯಬಹುದು. ಗಂಟೆ, ನಿಮಿಷದ ಅಂಕಿಗಳು ಕಂಡರೆ ಅದು ಸಮಯದ ಪುಟ, ಹಿಂದಕ್ಕೆ ಬನ್ನಿ. ಮಾದರಿ ಸಂಖ್ಯೆ, ಆವೃತ್ತಿ ಸಂಖ್ಯೆಗಳಂತಹ ಉದ್ದದ ಅಂಕಿಗಳು ಕಂಡರೆ ಅದು ಟಿವಿಯ ಪರಿಚಯದ ಪುಟ. ಅಲ್ಲಿ ಓಕೆಯನ್ನು ಸುಮ್ಮನೆ ಒತ್ತಬೇಡಿ, ಏಕೆಂದರೆ ಹೊಸ ಆವೃತ್ತಿಗಳಲ್ಲಿ ಟಿವಿಯನ್ನು ಪೂರ್ತಿ ಅಳಿಸಿ ಮೊದಲ ಸ್ಥಿತಿಗೆ ತರುವ ಸಾಲೂ ಅಲ್ಲಿಯೇ ಇರುತ್ತದೆ. ಒಂದು ಸಾಲಿನಲ್ಲಿ English, ಇನ್ನೊಂದರಲ್ಲಿ Deutsch, ಮುಂದೆ ಹೋದಂತೆ ಬೇರೆ ಬೇರೆ ಲಿಪಿಗಳು ಕಂಡರೆ ನೀವು ಸರಿಯಾದ ಪುಟದಲ್ಲಿದ್ದೀರಿ.

ಇಂಥದ್ದೇ ಇನ್ನೊಂದು ಪಟ್ಟಿ ಚಾನೆಲ್‌ಗಳ ಮೆನುವಿನಲ್ಲೂ ಇರಬಹುದು, ಅಲ್ಲಿ ಎಡವುವವರು ಹಲವರು. ಅದು ಕಾರ್ಯಕ್ರಮದ ಧ್ವನಿಯ ಅಥವಾ ಅಡಿಬರಹದ ಭಾಷೆಯೇ ಹೊರತು ಟಿವಿಯ ಮೆನುವಿನದಲ್ಲ. ಪರೀಕ್ಷೆ ಸರಳವಾಗಿದೆ: English ಆರಿಸಿದ ಕೆಲವೇ ಕ್ಷಣಗಳಲ್ಲಿ ಸುತ್ತಲಿನ ಎಲ್ಲ ಅಕ್ಷರಗಳೂ ಬದಲಾಗಬೇಕು. ಬದಲಾಗದಿದ್ದರೆ ಅದು ಬೇರೆ ಪಟ್ಟಿ.

ಕನ್ನಡವೇ ಬೇಕಿದ್ದರೂ ಮೊದಲು English ಆರಿಸಿ ಎಂಬುದು ನನ್ನ ಸಲಹೆ. ರೋಮನ್ ಲಿಪಿಯ ಹೆಸರುಗಳು ಸಾಮಾನ್ಯವಾಗಿ ಪಟ್ಟಿಯ ಮೇಲ್ಭಾಗದಲ್ಲಿರುವುದರಿಂದ ಅದು ಬೇಗ ಸಿಗುತ್ತದೆ. ಕನ್ನಡ ಬಹಳ ಕೆಳಗೆ, ತಮಿಳು ಮತ್ತು ತೆಲುಗಿನ ನೆರೆಯಲ್ಲಿ ಇರುತ್ತದೆ, ಎಲ್ಲ ತಯಾರಕರೂ ಅದನ್ನು ಕೊಟ್ಟಿರುವುದೂ ಇಲ್ಲ. English ಒತ್ತಿದಾಗ ದೇಶಗಳ ಹೆಸರಿನೊಂದಿಗೆ ಇನ್ನೊಂದು ಪಟ್ಟಿ ಬಂದರೆ ಯಾವುದನ್ನು ಆರಿಸಿದರೂ ಮೆನು ಓದಲು ಅಡ್ಡಿಯಿಲ್ಲ.

ಸಾಲುಗಳ ಕ್ರಮ ನಿಮ್ಮ ಟಿವಿಯಲ್ಲಿ ಹೀಗಿಲ್ಲವೆಂದಾದರೆ, ಫೋನಿನಲ್ಲಿ ಪರದೆಯ ಫೋಟೋ ತೆಗೆದು ಗೂಗಲ್ ಟ್ರಾನ್ಸ್‌ಲೇಟ್‌ಗೆ ಆ ಫೋಟೋ ಕೊಡಿ. ಕ್ಯಾಮೆರಾವನ್ನು ನೇರವಾಗಿ ಹಿಡಿದರೆ ಟಿವಿಯ ಬೆಳಕಿನಲ್ಲಿ ಅಲೆಗಳಂತಹ ಗೆರೆಗಳು ಮೂಡಿ ಅಕ್ಷರಗಳು ತಪ್ಪಾಗಿ ಓದಲ್ಪಡಬಹುದು. ಸ್ವಲ್ಪ ಓರೆಯಾಗಿ ನಿಂತು ತೆಗೆದ ಸ್ಥಿರ ಚಿತ್ರ ಹೆಚ್ಚು ನಂಬಿಕೆಗೆ ಅರ್ಹ.

ಪೂರ್ತಿ ಅಳಿಸಿ ಮೊದಲಿನಿಂದ ಶುರು ಮಾಡುವುದು ಕೊನೆಯ ದಾರಿ. ಅದರಿಂದ ಖಾತೆ, ಆ್ಯಪ್‌ಗಳು, ಹುಡುಕಿಟ್ಟ ಚಾನೆಲ್‌ಗಳು ಎಲ್ಲವೂ ಹೋಗುತ್ತವೆ, ಆದರೆ ಮೊದಲ ಪರದೆಯಲ್ಲೇ ಭಾಷೆಯ ಪಟ್ಟಿ ಮತ್ತೆ ಬರುತ್ತದೆ. ಭಾಷೆಯನ್ನು ಆರಿಸಿದ ಬಳಿಕ ದೇಶವನ್ನು ಕೇಳಿದರೆ ಅದನ್ನೂ ಗಮನವಿಟ್ಟು ಆರಿಸಿ, ಏಕೆಂದರೆ ಕೆಲವು ಟಿವಿಗಳಲ್ಲಿ ದೇಶವನ್ನು ಬದಲಿಸಲು ಮತ್ತೊಮ್ಮೆ ಅಳಿಸಬೇಕಾಗುತ್ತದೆ.