ಶೂ ಅಂಗಡಿಯ ಟ್ಯಾಗ್‌ಲೈನ್ ಕನ್ನಡದಲ್ಲಿ

"ಗುಡ್ ಫಾರ್ ದ ಸೋಲ್" ಅನ್ನೋ ಶೂ ಅಂಗಡಿಯ ಟ್ಯಾಗ್‌ಲೈನನ್ನು ಶ್ಲೇಷೆ, ಲಯ ಉಳಿಸಿ ಕನ್ನಡಕ್ಕೆ ತರೋದು ಹೇಗೆ?

'ಸೋಲ್' ಕಿವಿಗೆ ಅಂಗಾಲೂ ಹೌದು, ಆತ್ಮವೂ ಹೌದು. ಕನ್ನಡದಲ್ಲಿ ಈ ಎರಡಕ್ಕೂ ಒಂದೇ ಪದವಿಲ್ಲ. "ಅಂಗಾಲಿಗೆ ಒಳ್ಳೆಯದು" ಅಂದರೆ ಮುಲಾಮಿನ ಜಾಹೀರಾತು ಆಗುತ್ತದೆ. 'ಸೋಲ್' ಅಂತಲೇ ಬಿಟ್ಟರೆ ಓದುವವರಿಗೆ 'ಸೋಲು' ಕೇಳಿಸುತ್ತದೆ, ಅಂಗಡಿಯವರು ಒಪ್ಪುತ್ತಾರಾ?

ಹಾಗಾಗಿ ಪದ ಬಿಡಿ, ಆಟ ಹಿಡಿಯಿರಿ. ಕಾಲಿಗೂ ಗುಣಕ್ಕೂ ಸಲ್ಲುವ ಪದ ಬೇಕು. 'ನಡೆ' ಇದೆಯಲ್ಲ! ನಡಿಗೆಯೂ ಅದೇ, ನಡತೆಯೂ ಅದೇ.

"ಒಳ್ಳೆ ನಡೆಗೆ ಒಳ್ಳೆ ಜೋಡು."

ಮಾತ್ರೆ ಎಣಿಸಿ: ಪ್ರತಿ ಪದಕ್ಕೂ ಮೂರು. ಅದಕ್ಕೇ ನಾಲಿಗೆಯಲ್ಲಿ ಸಲೀಸಾಗಿ ಉರುಳುತ್ತದೆ. 'ಜೋಡು' ಬದಲು 'ಚಪ್ಪಲಿ' ಹಾಕಿದರೆ ಕೊನೆಗೆ ನಾಲ್ಕಾಗಿ ಎಡವುತ್ತದೆ. ಜೊತೆಗೆ 'ಜೋಡು' ಅಂದರೆ ಕೆರವೂ ಹೌದು, ಜೊತೆಯೂ ಹೌದು. ಇದು ಮೂಲದಲ್ಲಿ ಇಲ್ಲದ ಲಾಭ.