ಊರಲ್ಲಿರೋ ರೂಟರ್‌ಗೆ ಆ್ಯಪ್ ಹಾಕಿದರೆ ಕಂಪನಿಗೆ ಏನೇನು ಗೊತ್ತಾಗುತ್ತೆ?

ಪ್ರಶ್ನೆ: ನಾನು ಬೆಂಗಳೂರಲ್ಲಿದ್ದೇನೆ, ಅಪ್ಪ-ಅಮ್ಮ ಬೀದರ್‌ನಲ್ಲಿ. ಅವರ ವೈಫೈ ರೂಟರ್ ಇಲ್ಲಿಂದಲೇ ನೋಡಿಕೊಳ್ಳೋಣ ಅಂತ ಆ್ಯಪ್ ಹಾಕಿದೆ, ಅಕೌಂಟ್ ಮಾಡಿ ಅನ್ನುತ್ತೆ. ಮಾಡಿದರೆ ಅವರು ನೆಟ್‌ನಲ್ಲಿ ನೋಡೋದೆಲ್ಲ ರೂಟರ್ ಕಂಪನಿಗೆ ಹೋಗುತ್ತಾ? ಅಕೌಂಟ್ ಇಲ್ಲದೆ ಆಗಲ್ವಾ?

ಅಮ್ಮ ಯೂಟ್ಯೂಬ್‌ನಲ್ಲಿ ಯಾವ ವಿಡಿಯೊ ನೋಡಿದರು, ಅಪ್ಪ ಬ್ಯಾಂಕ್ ಆ್ಯಪ್‌ನಲ್ಲಿ ಏನು ಮಾಡಿದರು ಅನ್ನೋದು ಅಕೌಂಟ್ ಮಾಡಿದ ಮಾತ್ರಕ್ಕೆ ಹೋಗಲ್ಲ. ಅದು ಅವರ ಫೋನ್‌ನಿಂದಲೇ ಗೂಢಲಿಪಿಯಾಗಿ ಹೊರಡುತ್ತೆ, ರೂಟರ್‌ಗೂ ಓದಕ್ಕಾಗಲ್ಲ. ಹೋಗಬಹುದಾದದ್ದು ಬೇರೆ: ಮನೆಯಲ್ಲಿ ಎಷ್ಟು ಸಾಧನಗಳಿವೆ, ಅವುಗಳ ಹೆಸರೇನು, ಯಾವುದು ಎಷ್ಟು ಹೊತ್ತಿಗೆ ವೈಫೈಗೆ ಸೇರಿತು, ಯಾವಾಗ ಬಿಟ್ಟಿತು. ಯೋಚನೆ ಮಾಡಬೇಕಾದ್ದು ಇದರ ಬಗ್ಗೆ.

ನಾನಿರೋದು ಕಲಬುರಗಿಯಲ್ಲಿ. ಯಾದಗಿರಿಯಲ್ಲಿರೋ ಕಾಕಾನ ಮನೆಯ ರೂಟರ್ ನಾನೇ ನೋಡಿಕೊಳ್ಳುತ್ತೇನೆ, ಅದೂ ಆ್ಯಪ್‌ನಿಂದಲೇ. ಅದರ ಲೆಕ್ಕದಲ್ಲೇ ಹೇಳ್ತೀನಿ.

ಮೊದಲು, ಅಕೌಂಟ್ ಯಾಕೆ ಕೇಳುತ್ತೆ ಅಂತ. ಬ್ರೌಸರ್‌ನಲ್ಲಿ ರೂಟರ್‌ನ ಸೆಟ್ಟಿಂಗ್ ಪುಟ ತೆರೆದು ಇಂಟರ್ನೆಟ್ ಸ್ಥಿತಿ ಅಂತ ಇರೋ ಕಡೆ ನೋಡಿ. ಅಲ್ಲಿರೋ ಐಪಿ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ, ನೆಟ್ ಕೊಟ್ಟವರು ಒಂದೇ ಹೊರವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿದ್ದಾರೆ ಅಂತ ಅರ್ಥ. ನಮ್ಮ ದೇಶದಲ್ಲಿ ಇದು ತೀರಾ ಮಾಮೂಲು. ಹೀಗಿದ್ದಾಗ ಹೊರಗಿನಿಂದ ನಿಮ್ಮ ಮನೆಯ ರೂಟರ್‌ನ ನೇರವಾಗಿ ಹುಡುಕಿಕೊಂಡು ಹೋಗಕ್ಕೆ ದಾರಿಯೇ ಇಲ್ಲ. ಅದಕ್ಕೆ ರೂಟರ್ ತಾನೇ ಕಂಪನಿಯ ಸರ್ವರ್‌ಗೆ ಒಂದು ಸಂಪರ್ಕ ಹಚ್ಚಿ, ಅದನ್ನು ಬಿಡದೆ ಹಿಡಿದುಕೊಂಡಿರುತ್ತೆ. ನಿಮ್ಮ ಫೋನ್ ಕೂಡ ಅದೇ ಸರ್ವರ್‌ಗೆ ಹೋಗುತ್ತೆ. ಸರ್ವರ್ ಇಬ್ಬರನ್ನೂ ಜೋಡಿಸುತ್ತೆ. ಅಂದ್ರೆ ನಡುವೆ ಕಂಪನಿ ಕೂತಿರೋದು ಸುಮ್ನೆ ಅಲ್ಲ, ಅದಿಲ್ಲದೆ ಬೆಂಗಳೂರಿಂದ ಬೀದರ್‌ನ ರೂಟರ್ ಇಷ್ಟು ಸುಲಭವಾಗಿ ತೆರೆಯಲ್ಲ.

ಇದರಲ್ಲೇ ಒಂದು ಮಿತಿಯೂ ಇದೆ. ಊರಲ್ಲಿ ನೆಟ್ ಪೂರ್ತಿ ಹೋದರೆ ರೂಟರ್ ಸರ್ವರ್‌ವರೆಗೆ ಮುಟ್ಟಲ್ಲ, ಆ್ಯಪ್‌ನಲ್ಲಿ ಆಫ್‌ಲೈನ್ ಅಂತ ಬರುತ್ತೆ, ಅಷ್ಟೇ. "ನೆಟ್ ಬರ್ತಿಲ್ಲ" ಅಂತ ಅಪ್ಪ ಫೋನ್ ಮಾಡಿದ ದಿನ ಈ ಆ್ಯಪ್ ಕೈ ಕೊಡುತ್ತೆ. ನೆಟ್ ಇದ್ದೂ ನಿಧಾನ ಇದ್ದಾಗ, ಪಾಸ್‌ವರ್ಡ್ ಬದಲಿಸಬೇಕಾದಾಗ, ಯಾರೋ ಹೊರಗಿನವರು ವೈಫೈಗೆ ಸೇರಿದ್ದಾರಾ ಅಂತ ನೋಡಬೇಕಾದಾಗ ಮಾತ್ರ ಉಪಯೋಗ.

ಕಾಕಾನ ಮನೆಯಲ್ಲಿ ಆಗಿದ್ದು ಇದೇ. ಸಂಜೆಯಾದರೆ ನೆಟ್ ತೆವಳುತ್ತೆ ಅಂದರು. ನಾನು ಇಲ್ಲಿಂದ ಆ್ಯಪ್ ತೆರೆದು ಸಾಧನಗಳ ಪಟ್ಟಿ ನೋಡಿದೆ. ಟಿವಿ, ಕಾಕಾನ ಫೋನ್, ಕಾಕಿಯ ಫೋನ್, ತಂಗಿಯ ಫೋನ್ ಮತ್ತು ಲ್ಯಾಪ್‌ಟಾಪ್. ಅದರ ಕೆಳಗೆ ಯಾರಿಗೂ ಗುರುತಿಲ್ಲದ ಇನ್ನೊಂದು ಫೋನ್. ಮೇಲಿನ ಮನೆಯ ಹುಡುಗ ಹಬ್ಬದಲ್ಲಿ ಪಾಸ್‌ವರ್ಡ್ ಇಸಕೊಂಡಿದ್ದನಂತೆ. ಅದನ್ನು ಬ್ಲಾಕ್ ಮಾಡಿದೆ. ಇಷ್ಟಕ್ಕೆ ಕೆಲಸ ಮುಗಿಯಿತು ಅನ್ನಬೇಡಿ. ಈಗಿನ ಫೋನ್‌ಗಳು ವೈಫೈಗೆ ತಮ್ಮ ಅಸಲಿ ಗುರುತಿನ ಸಂಖ್ಯೆ ಬಿಟ್ಟು ಬೇರೊಂದು ಸಂಖ್ಯೆ ತೋರಿಸಬಲ್ಲವು. ಸೆಟ್ಟಿಂಗ್ ಬದಲಿಸಿದರೆ ಅದೇ ಫೋನ್ ಹೊಸದರ ಹಾಗೆ ಮತ್ತೆ ಬಂದು ಕೂರುತ್ತೆ. ಪಾಸ್‌ವರ್ಡ್ ಬದಲಿಸೋದೇ ಸರಿ. ಆದರೆ ದೂರದಿಂದ ಬದಲಿಸಿದ ಕೂಡಲೇ ಟಿವಿ, ಕ್ಯಾಮೆರಾ ಎಲ್ಲ ಬಿಟ್ಟುಹೋಗುತ್ತವೆ, ರಿಮೋಟ್ ಹಿಡಿದು ಹೊಸ ಪಾಸ್‌ವರ್ಡ್ ಒತ್ತೋರು ಒಬ್ಬರು ಮನೆಯಲ್ಲಿರಬೇಕು. ತಂಗಿ ಇದ್ದ ದಿನ ನೋಡಿ ಮಾಡಿದೆ.

ಅವತ್ತು ಅವಳಿಗೆ ಪಟ್ಟಿ ತೋರಿಸಿದಾಗ ಅವಳು ಕೇಳಿದ್ದು: "ಅಣ್ಣಾ, ಅಂದ್ರೆ ನಾನು ರಾತ್ರಿ ಎಷ್ಟೊತ್ತಿಗೆ ಫೋನ್ ಇಡ್ತೀನಿ ಅಂತ ನಿನಗೆ ಕಲಬುರಗಿಯಲ್ಲಿ ಕಾಣುತ್ತಾ?" ಕಾಣುತ್ತೆ, ಸುಮಾರಾಗಿ. ಯಾವ ಸಾಧನ ಎಷ್ಟು ಡೇಟಾ ಎಳೆಯುತ್ತಿದೆ ಅಂತ ಗೊತ್ತಾದರೆ ಮಿಕ್ಕಿದ್ದು ಊಹಿಸಬಹುದು. ಎರಡು ದಿನ ಎಲ್ಲ ಫೋನ್‌ಗಳೂ ಪಟ್ಟಿಯಲ್ಲಿಲ್ಲ ಅಂದ್ರೆ ಮನೆಗೆ ಬೀಗ ಬಿದ್ದಿದೆ ಅಂತ ಲೆಕ್ಕ. ನನಗೆ ಕಾಣೋದೆಲ್ಲ ಕಂಪನಿಯ ಸರ್ವರ್ ದಾಟಿಕೊಂಡೇ ಬರೋದು. ಅದನ್ನು ಎಷ್ಟು ಇಟ್ಟುಕೊಳ್ಳುತ್ತಾರೆ ಅನ್ನೋದು ಅವರವರ ಪ್ರೈವಸಿ ಪಾಲಿಸಿಗೆ ಬಿಟ್ಟಿದ್ದು. ಕಂಪನಿ ಒಳ್ಳೆಯದೇ ಇರಲಿ, ಎಡವಟ್ಟು ಆಗಲ್ಲ ಅಂತಿಲ್ಲ. 2023ರ ಡಿಸೆಂಬರ್‌ನಲ್ಲಿ ನೆಟ್‌ವರ್ಕ್ ಸಾಧನ ಮಾಡೋ ಯುಬಿಕ್ವಿಟಿ ಕಂಪನಿ ತನ್ನ ಕ್ಲೌಡ್, ಅಂದ್ರೆ ಇಂಥದೇ ಸರ್ವರ್ ವ್ಯವಸ್ಥೆ, ಅಪ್‌ಗ್ರೇಡ್ ಮಾಡುವಾಗ ಸಾವಿರಕ್ಕೂ ಹೆಚ್ಚು ಅಕೌಂಟ್‌ಗಳು ಅದಲುಬದಲಾಗಿ, ಕೆಲವರಿಗೆ ಬೇರೆಯವರ ಸಾಧನಗಳು, ಕ್ಯಾಮೆರಾ ಚಿತ್ರಗಳು ಕಂಡಿದ್ದವು.

ಇನ್ನೊಂದು ಬಾಗಿಲು ನಾವೇ ತೆರೆಯೋದು. ಆ್ಯಪ್‌ನಲ್ಲಿ ಮಕ್ಕಳ ನಿಯಂತ್ರಣ, "ಸುರಕ್ಷತೆ" ಅಂತ ಬರೋ ಸೇವೆಗಳನ್ನು ಆನ್ ಮಾಡಿದರೆ, ಯಾವ ಸಾಧನ ಯಾವ ಸೈಟ್‌ಗೆ ಹೋಯಿತು ಅನ್ನೋ ಹೆಸರುಗಳ ಪಟ್ಟಿಯೂ ತಯಾರಾಗಬಹುದು. ಒಳಗಿನ ಪುಟ ಕಾಣದಿದ್ದರೂ ಸೈಟ್ ಹೆಸರೇ ಸಾಕಷ್ಟು ಹೇಳುತ್ತೆ, ಅಲ್ವಾ? ಬೀದರ್‌ನಲ್ಲಿ ಇಬ್ಬರು ದೊಡ್ಡವರಷ್ಟೇ ಇದ್ದರೆ ಅದನ್ನು ಆನ್ ಮಾಡೋ ಅಗತ್ಯ ನನಗೆ ಕಾಣಲ್ಲ.

ಅಕೌಂಟ್ ಇಲ್ಲದೆ ಆಗುತ್ತಾ ಅಂದ್ರೆ, ಮನೆಯೊಳಗೆ ಇದ್ದಾಗ ಬಹಳಷ್ಟು ರೂಟರ್‌ಗಳಲ್ಲಿ ಆಗುತ್ತೆ. ಊರಿಗೆ ಹೋದಾಗ ಎರಡು ಪರೀಕ್ಷೆ ಮಾಡಿ. ರೂಟರ್‌ಗೆ ಬರೋ ಇಂಟರ್ನೆಟ್ ಕೇಬಲ್ ಕಿತ್ತು, ಫೋನ್‌ನ ಮೊಬೈಲ್ ಡೇಟಾ ಆಫ್ ಮಾಡಿ, ವೈಫೈನಲ್ಲೇ ಇದ್ದು ಆ್ಯಪ್ ತೆರೆಯಿರಿ. ರೂಟರ್ ತೆರೆದರೆ ಫೋನ್ ರೂಟರ್ ಜೊತೆ ನೇರವಾಗಿ ಮಾತಾಡ್ತಿದೆ ಅಂತ ಅರ್ಥ. ತೆರೆಯದಿದ್ದರೆ ಮನೆಯೊಳಗಿದ್ದರೂ ಅದಕ್ಕೆ ಕ್ಲೌಡ್ ಬೇಕು ಅಂತ ಅರ್ಥ. ಆಮೇಲೆ ಕೇಬಲ್ ಹಾಕಿ, ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಈಗಲೂ ತೆರೆದರೆ ದೂರದ ದಾರಿ ಚಾಲೂ ಇದೆ. ಟಿಪಿ-ಲಿಂಕ್‌ನ ಮಾಮೂಲಿ ರೂಟರ್‌ಗಳನ್ನು ಬ್ರೌಸರ್‌ನಲ್ಲಿ `tplinkwifi.net` ತೆರೆದು ರೂಟರ್ ಪಾಸ್‌ವರ್ಡ್‌ನಿಂದಲೇ ನೋಡಿಕೊಳ್ಳಬಹುದು. ಅದೇ ಕಂಪನಿಯ ಡೆಕೊ ಸರಣಿಗೆ ಶುರುವಿನಲ್ಲೇ ಅಕೌಂಟ್ ಬೇಕು. ಕೊಳ್ಳೋ ಮುಂಚೆ ಇದನ್ನು ಕೇಳಿಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಾದರೆ ಅಕೌಂಟ್ ಮಾಡ್ತೀನಿ, ಆದರೆ ಅಪ್ಪನ ಇಮೇಲ್‌ನಲ್ಲಿ. ಟಿಪಿ-ಲಿಂಕ್‌ನಲ್ಲಿ ಮೊದಲು ಸೇರಿಸಿದ ಅಕೌಂಟ್ ಯಜಮಾನ, ಆಮೇಲಿನವರು ಬಳಕೆದಾರರು. ಮನೆ ಅವರದು, ಯಜಮಾನಿಕೆ ಅವರದೇ ಇರಲಿ. ಎರಡು ಹಂತದ ಲಾಗಿನ್ ಇದ್ದರೆ ಹಾಕಿ, ಬೇರೆ ಎಲ್ಲೂ ಬಳಸದ ಪಾಸ್‌ವರ್ಡ್ ಇಡಿ. ಆ ಪಾಸ್‌ವರ್ಡ್ ಸೋರಿದರೆ ಅದು ಸಿಕ್ಕವನು ಎಲ್ಲಿಂದ ಬೇಕಾದರೂ ಮನೆಯ ನೆಟ್‌ವರ್ಕ್‌ಗೆ ಕೈ ಹಾಕಬಹುದು. ನೀವು ಪದೇ ಪದೇ ನೋಡಲ್ಲ ಅಂತಾದರೆ ರೂಟರ್ ಪುಟದಲ್ಲಿ TP-Link ID ಅಂತ ಇರೋ ಕಡೆ Unbind ಒತ್ತಿ ಬಿಡಿಸಿಬಿಡಿ. ರೂಟರ್ ಮಾರುವಾಗ, ಯಾರಿಗಾದರೂ ಕೊಡುವಾಗಲೂ ಇದನ್ನು ಮರೆಯಬಾರದು. ಫೋನ್‌ನಿಂದ ಆ್ಯಪ್ ಮಾತ್ರ ಅಳಿಸಿದರೆ ಸಂಬಂಧ ಕಡಿಯಲ್ಲ.

ಹಾಗಂತ ಬಿಡಿಸಿದ ಮೇಲೆ ರೂಟರ್ ಪೂರ್ತಿ ನಿಮ್ಮದೇ ಅಂದುಕೊಳ್ಳಬೇಡಿ. ಫೈಬರ್ ಕೊಟ್ಟವರೇ ಹಾಕಿದ ಡಬ್ಬಿ ಆಗಿದ್ದರೆ, ಟಿಆರ್-069 ಅನ್ನೋ ವ್ಯವಸ್ಥೆಯಿಂದ ಅವರು ತಮ್ಮ ಆಫೀಸಿನಿಂದಲೇ ಅದರ ಸೆಟ್ಟಿಂಗ್ ಬದಲಿಸಬಹುದು. ಗ್ರಾಹಕ ಸೇವೆಯವರು "ಇಲ್ಲಿಂದಲೇ ರೀಸ್ಟಾರ್ಟ್ ಮಾಡ್ತೀವಿ ಸರ್" ಅನ್ನೋದು ಹಾಗೇ.

ಆ್ಯಪ್ ಲೊಕೇಶನ್ ಅನುಮತಿ ಕೇಳಿದರೆ ಗಾಬರಿ ಬೇಡ. ಸುತ್ತಲಿನ ವೈಫೈ ಹೆಸರು ಓದೋದನ್ನೂ ಆಂಡ್ರಾಯ್ಡ್ ಲೊಕೇಶನ್ ಲೆಕ್ಕಕ್ಕೆ ಸೇರಿಸುತ್ತೆ. ರೂಟರ್ ಜೋಡಿಸುವಾಗ, ಆ್ಯಪ್ ಬಳಸುವಾಗ ಮಾತ್ರ ಅಂತ ಕೊಡಿ. ಜೋಡಿಸಿದ ಮೇಲೆ ತೆಗೆದು ನೋಡಿ. ನನ್ನ ಫೋನ್‌ನಲ್ಲಿ ತೆಗೆದಿದ್ದೇನೆ, ಇಲ್ಲಿಂದ ಯಾದಗಿರಿಯ ರೂಟರ್ ನೋಡೋದಕ್ಕೆ ಏನೂ ತೊಂದರೆಯಾಗಿಲ್ಲ.