‘ರೆಸ್ಪೆಕ್ಟೆಡ್ ಸರ್’ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿರುವ ಈ ಪ್ರಕರಣದಲ್ಲಿ ಸಲಹೆ ಕೇಳಿ ಬಂದವರು ಮಲೆನಾಡಿನ ಕಡೆಯ, ಎಂ.ಎಸ್ಸಿ. ಮುಗಿಸಿದ ಯುವಕ. ಬ್ರಿಟನ್ನಿನಲ್ಲಿ ಪಿಎಚ್.ಡಿ. ಮಾಡುವ ಆಸೆಯಿಂದ ಅಲ್ಲಿನ ಪ್ರಾಧ್ಯಾಪಕರಿಗೆ ಬರೆದ ಇಮೇಲ್‌ಗಳಿಗೆ ಉತ್ತರವೇ ಬಾರದೆ, ತಮ್ಮ ಓದಿನಲ್ಲೇ ಏನೋ ಕೊರತೆಯಿದೆ ಎಂಬ ಕೊರಗು ಅವರನ್ನು ಹತ್ತಿತ್ತು.

ಕಳಿಸಿದ ಪತ್ರವೊಂದನ್ನು ತೆರೆದು ನೋಡಿದೆವು. ‘ರೆಸ್ಪೆಕ್ಟೆಡ್ ಸರ್/ಮೇಡಂ’ ಎಂದು ಆರಂಭವಾಗಿ, ನಡುವೆ ಎರಡು ಬಾರಿ ‘ಸರ್’ ಬಂದು, ‘ಥ್ಯಾಂಕಿಂಗ್ ಯು ಸರ್’ ಎಂದು ಮುಗಿದಿದ್ದ ಆ ಪತ್ರ ಹೋಗಿದ್ದು ಒಬ್ಬ ಮಹಿಳಾ ಪ್ರಾಧ್ಯಾಪಕರಿಗೆ. ಉತ್ತರ ಬಾರದಿರಲು ಇದೊಂದೇ ಕಾರಣವೆಂದು ನಾನು ಹೇಳಲಿಲ್ಲ. ಆದರೆ ಇಂಥ ಸಂಬೋಧನೆ ಕಂಡವರಿಗೆ, ಒಂದೇ ಪತ್ರವನ್ನು ಹತ್ತಾರು ಜನರಿಗೆ ಕಳಿಸಿದ್ದಾರೆ, ತಾನು ಯಾರೆಂದು ಸಹ ನೋಡಿಲ್ಲ ಎಂದು ಅನ್ನಿಸುವುದು ಸಹಜ.

“ಮೇಡಂ, ಅಷ್ಟು ದೊಡ್ಡವರನ್ನ ಹೆಸರು ಹಿಡಿದು ಕರೆಯೋದು ಹೇಗೆ?” ಎಂದು ಅವರು ಕೇಳಿದರು. ಹಿರಿಯರ ಹೆಸರೆತ್ತದೆ ಬೆಳೆದವರ ಈ ಹಿಂಜರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದನ್ನು ಬಿಡಬೇಕಾಗಿಯೂ ಇಲ್ಲ: ‘ಡಿಯರ್ ಪ್ರೊಫೆಸರ್’ ಎಂದು ಬರೆದು, ಮುಂದೆ ಅವರ ಕುಟುಂಬದ ಹೆಸರನ್ನು ಸೇರಿಸಿದರೆ ಅಲ್ಲಿನ ರೂಢಿಯಲ್ಲಿ ಅದೇ ಪೂರ್ಣ ಗೌರವ; ಗಂಡೋ ಹೆಣ್ಣೋ ಎಂದು ಊಹಿಸುವ ಗೋಜೂ ಇರುವುದಿಲ್ಲ. ಇನಿಷಿಯಲ್ ಮತ್ತು ಸ್ವಂತ ಹೆಸರಿಗೆ ಒಗ್ಗಿದ ನಮ್ಮವರು ‘ಡಾಕ್ಟರ್’ ಜೊತೆಗೆ ಮೊದಲ ಹೆಸರನ್ನು ಬರೆದುಬಿಡುತ್ತಾರೆ. ಆದ್ದರಿಂದ ಪದವಿಯನ್ನೂ ಹೆಸರನ್ನೂ ವಿಭಾಗದ ಪುಟದಲ್ಲಿ ನೋಡಿಕೊಂಡೇ ಬರೆಯಬೇಕೆಂದೆ. ಕೊನೆಯಲ್ಲಿ ‘ಯುವರ್ಸ್ ಫೇತ್‌ಫುಲಿ’ ಬೇಡ, ಅದು ಹೆಸರಿಲ್ಲದ ‘ಡಿಯರ್ ಸರ್’ಗೆ ಜೋಡಿ, ಹೆಸರಿದ್ದಾಗ ‘ಯುವರ್ಸ್ ಸಿನ್ಸಿಯರ್ಲಿ’ ಅಥವಾ ‘ಕೈಂಡ್ ರಿಗಾರ್ಡ್ಸ್’ ಸಾಕು. ‘ಸರ್’ಗಳನ್ನು ತೆಗೆದ ಜಾಗದಲ್ಲಿ, ಅವರ ಯಾವ ಪ್ರಬಂಧ ಓದಿದೆ, ಅದರಲ್ಲಿ ಯಾವ ಪ್ರಶ್ನೆ ಹಿಡಿಸಿತು ಎಂಬ ಎರಡು ವಾಕ್ಯ ಬರೆಸಿದೆ.

ಹಾಗಾದರೆ ಅಂಕಪಟ್ಟಿಯ ದೃಢೀಕರಣಕ್ಕಾಗಿ ಇಲ್ಲಿನ ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರಿಗೆ ಬರೆಯುವಾಗಲೂ ಹೀಗೆಯೇ ಬರೆಯಲೇ ಎಂದು ಅವರು ಕೇಳಿದರು. ಬೇಡವೆಂದೆ. ಅಲ್ಲಿ ಪತ್ರ ಹೋಗುವುದು ವ್ಯಕ್ತಿಗಲ್ಲ, ಹುದ್ದೆಗೆ. ಅಧಿಕಾರಿ ಬದಲಾಗಿರಬಹುದು, ಪತ್ರ ಕಡತ ಸೇರಿ ಹಲವು ಮೇಜು ದಾಟಬಹುದು. ಹೆಸರು ಹಿಡಿದು ಬರೆದರೆ ಒರಟೆನ್ನಿಸುವ ಆ ಕಡೆ ‘ರೆಸ್ಪೆಕ್ಟೆಡ್ ಸರ್/ಮೇಡಂ’ ಎಂಬುದೇ ಸರಿಯಾದ ಆರಂಭ. ಒಮ್ಮೆ ಬರೆದರೆ ಸಾಕು, ನಂತರ ನೇರವಾಗಿ ನೋಂದಣಿ ಸಂಖ್ಯೆ, ವರ್ಷ, ಬೇಕಾದ ದಾಖಲೆ ಬರಬೇಕು.

ತಿದ್ದಿ ಕಳಿಸಿದ ಪತ್ರಗಳಲ್ಲಿ ಒಂದಕ್ಕೆ ಉತ್ತರ ಬಂತು, ಕೆಳಗೆ ಬರೀ ಮೊದಲ ಹೆಸರಿನ ಸಹಿ. ಮುಂದಿನ ಪತ್ರದಲ್ಲಿ ಅದೇ ಹೆಸರಿನಿಂದ ಸಂಬೋಧಿಸಬಹುದೆಂಬ ಸೂಚನೆ ಅದು ಎಂದು ವಿವರಿಸಿದೆ. ಅವರಿಗೆ ಮನಸ್ಸು ಒಪ್ಪಲಿಲ್ಲ. ಇನ್ನೊಂದು ಪತ್ರ ‘ಪ್ರೊಫೆಸರ್’ ಎಂದೇ ಹೋದರೂ ತಪ್ಪಿಲ್ಲವೆಂದು ಹೇಳಿ ಕಳಿಸಿದೆ.